ಅನುವಾದದ ದಿನಚರಿ: ಡ್ಯಾನಿ ‘ನೀನು’ ಅನ್ನುವುದು ಯಾವಾಗ?

ಜೂನ್ 2

ಗೆಳತಿ ಇಂಗ್ಲಿಷಿನಲ್ಲಿ ಬರೆದಿರುವ, ಇನ್ನೂ ಅಚ್ಚಾಗದ ಕಾದಂಬರಿಯ ಅನುವಾದ ಆರನೇ ಅಧ್ಯಾಯ ದಾಟಿತು. ಅವಳ ಒಪ್ಪಿಗೆ ಪಡೆದೇ ಈ ಟಿಪ್ಪಣಿ ಬರೆಯುತ್ತಿದ್ದೇನೆ. ಕಥೆ ನಡೆಯುವುದು ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ. ಮಾರ್ಗರೆಟ್‌ಗೆ 58 ವರ್ಷ. ಗಂಡ ಇಲ್ಲ, ಮಗಳು ದೂರದಲ್ಲಿದ್ದಾಳೆ, ಮಹಡಿಯ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದಾಳೆ. ಆ ಕೋಣೆಗೆ ಬರುವವನು ಡ್ಯಾನಿ. ಅವನಿಗೆ 31, ಉತ್ತರ ಸಮುದ್ರದ ತೈಲಬಾವಿಗಳಿಗೆ ಸಾಮಾನು ಸಾಗಿಸುವ ಹಡಗಿನಲ್ಲಿ ಕೆಲಸ. ಇಂಗ್ಲಿಷಿನಲ್ಲಿ ಇವರಿಬ್ಬರೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಬ್ಬರಿಗೊಬ್ಬರು ‘ಯು’. ಕನ್ನಡದಲ್ಲಿ ಬಾಯಿ ತೆರೆದ ಮೊದಲ ವಾಕ್ಯಕ್ಕೇ ನಾನು ತೀರ್ಮಾನ ಕೊಡಬೇಕು.

ಮೊದಲ ಕರಡಿನಲ್ಲಿ ಮಾರ್ಗರೆಟ್ ಅವನಿಗೆ ‘ನೀನು’ ಅನ್ನುತ್ತಿದ್ದಳು, ಅವನು ಅವಳಿಗೆ ‘ನೀವು’. ನಮ್ಮ ಕಡೆ ಆ ವಯಸ್ಸಿನ ಮನೆಯೊಡತಿ ಬಾಡಿಗೆಗೆ ಬಂದ ಹುಡುಗನನ್ನು ಎರಡನೇ ಮಾತಿಗೇ ‘ಏನಪ್ಪಾ, ಎಲ್ಲಿ ಕೆಲಸ ನಿಂಗೆ?’ ಅಂತ ಕೇಳಿಬಿಡುತ್ತಾಳೆ. ಅದು ಕಿವಿಗೆ ಹಿತವಾಗಿಯೇ ಇತ್ತು. ಆದರೆ ಓದುತ್ತಾ ಹೋದಂತೆ ಅವಳು ಅಮ್ಮನಾಗಿಬಿಟ್ಟಳು. ಮೂಲದಲ್ಲಿ ಹಾಗಿಲ್ಲ. ಅಲ್ಲಿ ಇಬ್ಬರು ಅಪರಿಚಿತರು ಎಚ್ಚರಿಕೆಯಿಂದ, ಸರಿಸಮವಾಗಿ ಮಾತಾಡುತ್ತಾರೆ. ಆ ಸಮಾನತೆ ಕರಗಿ ಬೇರೇನೋ ಆಗುವುದೇ ಕಾದಂಬರಿ. ಮೊದಲ ದಿನವೇ ‘ನೀನು’ ಕೊಟ್ಟರೆ ಮುಂದೆ ಕರಗುವುದಕ್ಕೆ ಏನೂ ಉಳಿಯುವುದಿಲ್ಲ.

ಆದ್ದರಿಂದ ಆರಂಭದಲ್ಲಿ ಎರಡೂ ಕಡೆ ‘ನೀವು’. ಎರಡನೇ ಅಧ್ಯಾಯದಲ್ಲಿ ಅವನು ‘ಮಿಸೆಸ್ ರೀಡ್’ ಅಂದಾಗ ಅವಳು ‘ಕಾಲ್ ಮಿ ಮಾರ್ಗರೆಟ್’ ಅನ್ನುತ್ತಾಳೆ. ಇದನ್ನು ‘ನೀನು ಅಂತಲೇ ಕರೆಯಿರಿ’ ಎಂದು ಮಾಡುವ ಆಸೆಯಾಗಿತ್ತು, ಮಾಡಲಿಲ್ಲ. ಹೆಸರು ಹಿಡಿದು ಕರೆಯುವುದು ಆ ಊರಿನಲ್ಲಿ ಸಲಿಗೆಯಲ್ಲ, ಮಾಮೂಲಿ ಸೌಜನ್ಯ. ಬೆಂಗಳೂರಿನ ಆಫೀಸುಗಳಲ್ಲಿ ಈಗ ಹೆಸರಿನ ಜೊತೆಗೇ ‘ನೀವು’ ನಡೆಯುತ್ತದೆಯಲ್ಲ, ಅದೇ ಧಾಟಿ ಹಿಡಿದೆ: ‘ಮಾರ್ಗರೆಟ್ ಅನ್ನಿ, ಸಾಕು.’ ‘ಅನ್ನಿ’ಯಲ್ಲಿ ಗೌರವ ಇದೆ, ‘ಸಾಕು’ವಿನಲ್ಲಿ ಬಾಗಿಲು ಸ್ವಲ್ಪ ತೆರೆದಿದೆ.

ಜೂನ್ 9

ನಿರೂಪಣೆಯಲ್ಲೂ ತೊಡಕು. ವಯಸ್ಸಿಗೆ ಮರ್ಯಾದೆ ಕೊಟ್ಟು ‘ಮಾರ್ಗರೆಟ್ ಹೇಳಿದರು, ಅವರು ನಕ್ಕರು’ ಎಂದು ಬರೆದಿದ್ದೆ. ನಾಲ್ಕನೇ ಅಧ್ಯಾಯದಲ್ಲಿ ಅವಳ ತಂಗಿಯೂ ಅಡುಗೆಮನೆಗೆ ಬಂದು ಕೂತಾಗ ಎಲ್ಲ ಕಲಸಿಹೋಯಿತು. ‘ಅವರು ನಕ್ಕರು’ ಅಂದರೆ ಮಾರ್ಗರೆಟ್ ನಕ್ಕಳೋ, ತಂಗಿಯೋ, ಇಬ್ಬರೂ ನಕ್ಕರೋ? ‘ಅವರು’ ಗಂಡು ಹೆಣ್ಣು ಹೇಳುವುದಿಲ್ಲ, ಒಬ್ಬರೋ ಇಬ್ಬರೋ ಹೇಳುವುದಿಲ್ಲ. ಇಂಗ್ಲಿಷಿನ ‘ಶಿ’ ಮಾಡುತ್ತಿದ್ದ ಎರಡೂ ಕೆಲಸ ಬಿದ್ದುಹೋಗುತ್ತವೆ.

ಈಗ ನಿರೂಪಕನ ಮಾತಿನಲ್ಲಿ ಎಲ್ಲರಿಗೂ ಏಕವಚನ: ‘ಮಾರ್ಗರೆಟ್ ನಕ್ಕಳು’. ಕನ್ನಡ ಕಾದಂಬರಿಯ ಓದುಗರಿಗೆ ಇದು ಅಗೌರವವಾಗಿ ಕೇಳುವುದಿಲ್ಲ. ಆದರೆ ಡ್ಯಾನಿಯ ಮನಸ್ಸಿನ ಮಾತು ಬಂದಾಗ ಅವನ ವರಸೆಯೇ ಇರಬೇಕು. ‘ಅವರಿಗೆ ಇವತ್ತು ಹುಷಾರಿಲ್ಲವೇನೋ ಅಂದುಕೊಂಡ.’ ಹೀಗೆ ನಿರೂಪಕನ ‘ಅವಳು’ ಮತ್ತು ಡ್ಯಾನಿಯ ‘ಅವರು’ ಒಂದೇ ಪುಟದಲ್ಲಿ ಇರುತ್ತವೆ. ಮೂರು ಪುಟ ಓದಿದ ಮೇಲೆ ಅದೇ ಅನುಕೂಲವಾಯಿತು. ಯಾರ ತಲೆಯೊಳಗಿದ್ದೇವೆ ಅಂತ ಬೇರೆ ಹೇಳಬೇಕಿಲ್ಲ.

ಜೂನ್ 17

ಐದನೇ ಅಧ್ಯಾಯ ಮತ್ತೆ ತಿದ್ದಿದೆ. ಡ್ಯಾನಿಗೆ ಜ್ವರ, ಮಾರ್ಗರೆಟ್ ಸೂಪ್ ತಂದು ಕೊಡುತ್ತಾಳೆ. ಅವಳು ‘ನೀನು’ಗೆ ಇಳಿಯುವುದು ಇಲ್ಲಿ. ‘ಸ್ವಲ್ಪ ಕುಡಿ. ಇಷ್ಟೇ ಇಷ್ಟು.’ ಸರ್ವನಾಮವೇ ಇಲ್ಲ, ‘ಕುಡಿಯಿರಿ’ ಹೋಗಿ ‘ಕುಡಿ’ ಬಂತು, ಅಷ್ಟೇ. ಬದಲಾವಣೆಯನ್ನು ‘ನೀನು’ ಎಂಬ ಪದದಿಂದ ಸಾರುವುದಕ್ಕಿಂತ ವಿಧಿರೂಪದಲ್ಲಿ ಸದ್ದಿಲ್ಲದೆ ತರುವುದು ನನಗೆ ಹೆಚ್ಚು ನಿಜ ಅನಿಸುತ್ತದೆ. ಮನೆಗಳಲ್ಲೂ ಹಾಗೇ ಆಗುವುದು. ಯಾರೂ ಅಪ್ಪಣೆ ಕೇಳಿ ಏಕವಚನಕ್ಕೆ ಬರುವುದಿಲ್ಲ, ಬಾಯಿತಪ್ಪಿ ‘ಬಾ’ ಅಂದಿರುತ್ತಾರೆ.

ಅವನು ಮಾತ್ರ ‘ನೀವು’ನಲ್ಲೇ ನಿಂತಿದ್ದಾನೆ.

ಜೂನ್ 24

ತಪ್ಪುಗಳ ದಿನ. ಅಕ್ಕನಿಗೆ ಏಳನೇ ಅಧ್ಯಾಯ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಡ್ಯಾನಿ ‘ನಿಮ್ಮ ಕೀ ಇಲ್ಲಿದೆ’ ಅಂದು, ಎರಡು ಸಾಲಿನ ನಂತರ ‘ಸ್ವಲ್ಪ ಇರು, ಲೈಟ್ ಹಾಕ್ತೀನಿ’ ಅಂದ. ಅಕ್ಕ ಅಲ್ಲೇ ತಡೆದಳು: ‘ಇವನು ಯಾವಾಗ ಇಷ್ಟು ಹತ್ತಿರದವನಾದ?’

ಪರಿಶೀಲಿಸಿದ್ದೆನಲ್ಲ, ಹೇಗೆ ತಪ್ಪಿತು? ಕಂಪ್ಯೂಟರಿನಲ್ಲಿ ಪದ ಹುಡುಕುವ grep ಆಜ್ಞೆ ಕೊಟ್ಟು ನಾನು ಹುಡುಕಿದ್ದು ಹೀಗೆ:

```
grep -nE "ನೀನು|ನಿನ್ನ|ನಿನಗೆ|ನಿಂಗೆ" adhyaya07.txt
```

ಇದರಲ್ಲಿ ಎರಡು ದೋಷ. ಒಂದು, ‘ನಿನ್ನ’ ಹುಡುಕಿದರೆ ‘ನಿನ್ನೆ’ಯೂ ಸಿಗುತ್ತದೆ. ಸಿಕ್ಕ ಸಾಲುಗಳಲ್ಲಿ ಅರ್ಧಕ್ಕರ್ಧ ನಿನ್ನೆಯ ಸುದ್ದಿ. ಅದನ್ನು ಹೀಗೆ ಬಿಡಿಸಿಕೊಂಡೆ:

```
grep -nE "ನೀನು|ನಿನ್ನ([^ೆ]|$)|ನಿನಗೆ|ನಿಂಗೆ" adhyaya07.txt
```

ಇದಕ್ಕೂ ಮಿತಿ ಇದೆ. ‘ನಿನ್ನೆದುರು’ ಥರದ ಸಂಧಿಯಾದ ಪದ ಇದ್ದರೆ ಅದು ತಪ್ಪಿಸಿಕೊಳ್ಳುತ್ತದೆ. ಎರಡನೇ ದೋಷ ದೊಡ್ಡದು. ಕನ್ನಡ ಸಂಭಾಷಣೆಯಲ್ಲಿ ಸರ್ವನಾಮ ಬಹಳ ಸಲ ಇರುವುದೇ ಇಲ್ಲ. ಮರ್ಯಾದೆ ಇರುವುದು ಕ್ರಿಯಾಪದದ ಬಾಲದಲ್ಲಿ: ಇರು–ಇರಿ, ಬಂದ್ಯಾ–ಬಂದ್ರಾ, ಹೋಗಬೇಡ–ಹೋಗಬೇಡಿ. ‘ಇರು’ ಅಂತ ಹುಡುಕಲು ಹೋದರೆ ‘ಇರುವ’, ‘ಇರುತ್ತದೆ’ ಎಲ್ಲ ಬಂದು ಮುತ್ತುತ್ತವೆ.

ಈಗ ಕಂಪ್ಯೂಟರ್ ಹುಡುಕಾಟ ಬಿಟ್ಟು ಬೇರೆ ದಾರಿ ಹಿಡಿದಿದ್ದೇನೆ. ಒಂದು ಅಧ್ಯಾಯದಲ್ಲಿ ಡ್ಯಾನಿ ಮಾರ್ಗರೆಟ್‌ಗೆ ಆಡುವ ಮಾತುಗಳನ್ನಷ್ಟೇ ಬೇರೆ ಹಾಳೆಗೆ ನಕಲು ಮಾಡಿ, ಒಂದರ ಕೆಳಗೊಂದು ಗಟ್ಟಿಯಾಗಿ ಓದುವುದು. ಮಧ್ಯೆ ನಿರೂಪಣೆ ಇಲ್ಲದಿದ್ದರೆ ಕಾಲು ಜಾರಿದ ಜಾಗ ಕಿವಿಗೆ ತಟ್ಟನೆ ಸಿಗುತ್ತದೆ. ಏಳನೇ ಅಧ್ಯಾಯದಲ್ಲಿ ಇನ್ನೂ ಮೂರು ಸಿಕ್ಕವು.

ಜುಲೈ 5

ಹನ್ನೊಂದನೇ ಅಧ್ಯಾಯ. ಒಂದು ತಿಂಗಳಿಂದ ಭಯಪಟ್ಟಿದ್ದು ಇದಕ್ಕೇ.

ಡ್ಯಾನಿ ಮೂರು ವಾರದ ಸಮುದ್ರಯಾನ ಮುಗಿಸಿ ಬಂದಾಗ ಮೇಜಿನ ಮೇಲೆ ಆಸ್ಪತ್ರೆಯ ಪತ್ರ ಕಾಣುತ್ತದೆ. ಮಾರ್ಗರೆಟ್‌ಗೆ ಗುರುವಾರ ಶಸ್ತ್ರಚಿಕಿತ್ಸೆ, ಅವಳು ಯಾರಿಗೂ ಹೇಳಿಲ್ಲ. ಮೂಲದಲ್ಲಿ ಒಂಬತ್ತೇ ಮಾತು. ಈ ಒಂಬತ್ತರೊಳಗೆ ಎಲ್ಲೋ ಡ್ಯಾನಿ ‘ನೀನು’ಗೆ ಬರಬೇಕು ಎಂದು ನನಗೆ ಖಚಿತವಾಗಿತ್ತು. ಎಲ್ಲಿ ಎಂದು ಗೊತ್ತಿರಲಿಲ್ಲ.

ಮೊದಲು ಇಟ್ಟದ್ದು ಐದನೇ ಮಾತಿನಲ್ಲಿ, ಅವನ ಸಿಟ್ಟು ಏರುವ ಕಡೆ. ‘ಯು ಡೋಂಟ್ ಗೆಟ್ ಟು ಡಿಸೈಡ್ ದಟ್’ ಎಂಬುದನ್ನು ‘ಅದನ್ನ ತೀರ್ಮಾನ ಮಾಡೋಕೆ ನೀನ್ಯಾರು?’ ಎಂದು ಮಾಡಿದ್ದೆ. ಓದಿದರೆ ಬೈಗುಳ. ಅಲ್ಲಿಯವರೆಗೆ ‘ನೀವು’ ಅಂದವನು ಸಿಟ್ಟಿನಲ್ಲಿ ಏಕವಚನಕ್ಕೆ ಇಳಿದರೆ ಕನ್ನಡದ ಕಿವಿಗೆ ಅದು ಮರ್ಯಾದೆ ಕಿತ್ತುಕೊಂಡ ಹಾಗೆ. ಬಸ್ಸಿನಲ್ಲಿ ಚಿಲ್ಲರೆಗೆ ಜಗಳವಾದಾಗ ಕೇಳುವ ‘ನೀನು’ ಅದು. ಪ್ರೀತಿಯ ‘ನೀನು’ವೂ ಇದೇ ಪದ. ಹಿಂದಿನ ಸಾಲು ಯಾವ ಕಡೆ ತಳ್ಳುತ್ತದೆ ಎಂಬುದರ ಮೇಲೆ ಅದರ ಅರ್ಥ ನಿಲ್ಲುತ್ತದೆ.

ಗೆಳತಿಗೆ ಫೋನ್ ಮಾಡಿ ಕೇಳಿದೆ: ಇವರಿಬ್ಬರ ನಡುವೆ ಬದಲಾಗುವ ಕ್ಷಣ ಯಾವುದು? ಅವಳು ಹಾಗೆ ಯೋಚಿಸಿರಲೇ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು, ‘ಡ್ಯಾನಿ ಅವಳ ಹತ್ತಿರ ಪ್ಲೀಸ್, ಸಾರಿ ಇಲ್ಲದೆ ಮಾತೇ ಆಡಲ್ಲ. ಹನ್ನೊಂದರ ಕೊನೆಯಲ್ಲಿ ಮಾತ್ರ ಅದಿಲ್ಲ’ ಅಂದಳು. ಮತ್ತೆ ತೆರೆದು ನೋಡಿದೆ. ಹೌದು. ಒಂಬತ್ತನೇ ಮಾತು: ‘ಯು ಆರ್ ನಾಟ್ ಟೇಕಿಂಗ್ ದ ಬಸ್.’ ಕೇಳಿಕೊಳ್ಳುವುದಿಲ್ಲ, ಹೇಳುತ್ತಾನೆ. ಇಂಗ್ಲಿಷಿನ ‘ಯು’ನಲ್ಲಿ ಏನೂ ಬದಲಾಗಿಲ್ಲ, ಸುತ್ತಲಿನ ಉಪಚಾರದ ಮಾತು ಉದುರಿಹೋಗಿದೆ.

ಸರಿ, ‘ನೀನು’ ಅಲ್ಲಿಗೆ ಹೋಯಿತು. ಆದರೆ ಅದಕ್ಕೂ ಮೊದಲಿನ ಅವನ ನಾಲ್ಕು ಮಾತು ಏನಾಗಬೇಕು? ‘ನೀವು’ ಇಟ್ಟರೆ ಸಿಟ್ಟು ತಣ್ಣಗಾಗುತ್ತದೆ, ‘ನೀನು’ ಇಟ್ಟರೆ ಒಂಬತ್ತನೆಯದರ ಬಲ ಹೋಗುತ್ತದೆ. ಎರಡೂ ಇಲ್ಲದೆ ಬರೆದೆ. ಕನ್ನಡದಲ್ಲಿ ಇದಕ್ಕೆ ಜಾಗವಿದೆ. ‘ಬೇಕು’, ‘ಬೇಕಿತ್ತು’, ‘ಬಹುದು’ ಮತ್ತು ‘ಇಲ್ಲ’ ಸೇರಿದ ನಿಷೇಧರೂಪಗಳು ಯಾರಿಗೆ ಹೇಳಿದರೂ ಒಂದೇ ಥರ. ‘ಎಲ್ಲಿಗೆ ಹೊರಟಿದ್ದು?’, ‘ಊಟ ಆಯ್ತಾ?’ ಕೂಡ ಹಾಗೇ. ಓದಿನ ದಿನಗಳ ಗೆಳೆಯ ಇಪ್ಪತ್ತು ವರ್ಷದ ನಂತರ ದೊಡ್ಡ ಅಧಿಕಾರಿಯಾಗಿ ಎದುರು ಸಿಕ್ಕರೆ ನಾವು ಮೊದಲ ಐದು ನಿಮಿಷ ಮಾತಾಡುವುದು ಹೀಗೆಯೇ. ಈಗ ಆ ಭಾಗ ಹೀಗಿದೆ, ಮೊದಲ ಮಾತು ಡ್ಯಾನಿಯದು:

‘ನನಗೊಂದು ಮಾತು ಹೇಳಬೇಕಿತ್ತು.’
‘ಯಾವಾಗ? ನೀನು ಸಮುದ್ರದ ಮೇಲಿದ್ದೆ.’
‘ಫೋನ್ ಇತ್ತಲ್ಲ.’
‘ನಿಂಗ್ಯಾಕೆ ಸುಮ್ಮನೆ ಚಿಂತೆ ಅಂತ.’
‘ಅದು ಒಬ್ಬರೇ ಕೂತು ತೀರ್ಮಾನ ಮಾಡೋ ವಿಷಯ ಅಲ್ಲ.’
‘ಕೂತ್ಕೋ ಡ್ಯಾನಿ.’
‘ಗುರುವಾರ ಜೊತೆಗೆ ಯಾರು ಬರ್ತಾರೆ?’
‘ಬಸ್ಸಿದೆಯಲ್ಲ.’
‘ನೀನು ಬಸ್ಸಲ್ಲಿ ಹೋಗಲ್ಲ.’

ಕೊನೆಯದರಲ್ಲಿ ‘ಹೋಗಲ್ಲ’ಕ್ಕೂ ಮರ್ಯಾದೆಯ ಬಾಲವಿಲ್ಲ. ಭಾರ ಪೂರ್ತಿ ‘ನೀನು’ ಒಂದರ ಮೇಲೆ. ‘ಹೋಗಬೇಡ’ ಎಂದೂ ಮಾಡಿ ನೋಡಿದೆ. ಆಗ ಅದು ಬೇಡಿಕೆಯಾಯಿತು, ಬಿಟ್ಟೆ.

ಈ ಉಪಾಯವನ್ನು ಎಳೆಯಲು ಆಗುವುದಿಲ್ಲ. ನಾಲ್ಕೈದು ಮಾತು ದಾಟಿದರೆ ಪಾತ್ರ ಏನೋ ಬಚ್ಚಿಡುತ್ತಿದೆ ಅನಿಸುತ್ತದೆ. ‘ಬಾ’, ‘ತಗೋ’ ಥರದ ಮಾತು ಬಂದ ಕೂಡಲೇ ದಾರಿ ಮುಚ್ಚುತ್ತದೆ. ‘ಹೋಗೋದು ಬೇಡ’ ಅಂತ ತಪ್ಪಿಸಿಕೊಳ್ಳಬಹುದು, ‘ಬಾ’ಗೆ ಅಂಥದ್ದು ಯಾವುದೂ ನನಗೆ ಸಿಕ್ಕಿಲ್ಲ.

ಜುಲೈ 8

ಮಗಳು ಫೋನಿನಲ್ಲಿ ಜಗಳವಾಡುವ ಅರ್ಧ ಪುಟ. ಮೂಲದಲ್ಲಿ ಅವಳು ಯಾವಾಗಲೂ ‘ಮಮ್’ ಅನ್ನುವವಳು ಇಲ್ಲಿ ಒಂದೇ ಸಲ ‘ಮದರ್’ ಅನ್ನುತ್ತಾಳೆ. ಕನ್ನಡದಲ್ಲಿ ಅಮ್ಮನಿಗೆ ‘ನೀನು’ ಅನ್ನುತ್ತಿದ್ದವಳ ಬಾಯಲ್ಲಿ ‘ನೀವು’ ಇಟ್ಟೆ: ‘ಆಯ್ತಮ್ಮ, ನೀವು ಹೇಳಿದ ಮೇಲೆ ಮುಗೀತು ಬಿಡಿ.’ ಇದು ಹತ್ತು ನಿಮಿಷದ ಕೆಲಸ. ಮೇಲಕ್ಕೆ ಏರಿಸಿದ ಮರ್ಯಾದೆ ಎಷ್ಟು ಚುಚ್ಚುತ್ತದೆ ಎಂದು ನಮ್ಮ ಓದುಗರಿಗೆ ವಿವರಿಸಬೇಕಿಲ್ಲ.

ಜುಲೈ 12

ಹನ್ನೆರಡನೇ ಅಧ್ಯಾಯ, ಆಸ್ಪತ್ರೆ. ನರ್ಸ್ ಡ್ಯಾನಿಯನ್ನು ‘ನೀವು ಮಗನಾ?’ ಅಂತ ಕೇಳುತ್ತಾಳೆ. ನಿನ್ನೆ ಬರೆದ ಕರಡಿನಲ್ಲಿ ಅವನು ‘ಅಲ್ಲ, ಇವಳ ಮನೇಲಿ ಬಾಡಿಗೆಗಿದ್ದೀನಿ’ ಅಂದಿದ್ದ. ಹಿಂದಿನ ಅಧ್ಯಾಯದ ‘ನೀನು’ಗೆ ನಿಷ್ಠವಾಗಿರಬೇಕೆಂದು ಹಾಗೆ ಮಾಡಿದ್ದೆ. ಆದರೆ ಒಳಗೆ ‘ನೀನು’ ಅನ್ನುವವರೇ ಮೂರನೆಯವರ ಮುಂದೆ ‘ಅವರು’ ಅನ್ನುವುದು ನಮ್ಮಲ್ಲಿ ಮಾಮೂಲು. ಅದರಿಂದ ಹತ್ತಿರ ಕಮ್ಮಿಯಾಗುವುದಿಲ್ಲ, ಕಾಪಾಡಿದಂತೆ ಆಗುತ್ತದೆ. ಇವತ್ತು ತಿದ್ದಿದೆ:

‘ಅಲ್ಲ. ಇವರ ಮನೇಲಿ ಬಾಡಿಗೆಗಿದ್ದೀನಿ.’

ನರ್ಸ್ ಪರದೆ ಎಳೆದು ಆಚೆ ಹೋದಳು. ಡ್ಯಾನಿ ಮಾರ್ಗರೆಟ್ ಕಡೆ ತಿರುಗಿ ಕೈ ಚಾಚಿದ.

‘ಕೋಟು ಕೊಡು.’