ಒಂದು ದಿನದ ಡೈರಿ, ಆರು ‘ತು’

ಮಂಗಳೂರಿನಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಅರೇಬಿಕ್ ಕಲಿಸುತ್ತೇನೆ. ಗಲ್ಫ್‌ಗೆ ಹೊರಟವರೇ ಜಾಸ್ತಿ. ಭೂತಕಾಲದ ಪಾಠ ಮುಗಿದ ವಾರ ಎಲ್ಲರಿಗೂ ಒಂದೇ ಮನೆಗೆಲಸ: ನಿನ್ನೆ ಏನೇನು ಮಾಡಿದಿರಿ, ಡೈರಿಯ ಹಾಗೆ ಐದಾರು ವಾಕ್ಯ ಬರೆದು ತನ್ನಿ.

ಕಳೆದ ವರ್ಷ ಒಬ್ಬ ಎಲೆಕ್ಟ್ರಿಷಿಯನ್ ಹೀಗೆ ಬರೆದು ತಂದರು: ‘ಇಸ್ತೈಕಝ ವ ಗಸಲ ವಜ್ಹೀ ವ ಅಕಲಲ್ ಫುತೂರ, ಥುಮ್ಮ ದಹಬ್ತು ಇಲಲ್ ಅಮಲ್.’ ಅವರು ಹೇಳಹೊರಟದ್ದು, ಎದ್ದೆ, ಮುಖ ತೊಳೆದೆ, ತಿಂಡಿ ತಿಂದೆ, ಆಮೇಲೆ ಕೆಲಸಕ್ಕೆ ಹೋದೆ ಅಂತ. ಬರೆದದ್ದು ಮಾತ್ರ ‘ಅವನು ಎದ್ದ, ನನ್ನ ಮುಖ ತೊಳೆದ, ತಿಂಡಿ ತಿಂದ, ಆಮೇಲೆ ನಾನು ಕೆಲಸಕ್ಕೆ ಹೋದೆ’ ಎಂದಾಗಿತ್ತು. ‘ನಾನು’ ಎಂದು ತೋರಿಸುವ ‘ತು’ ಕೊನೆಯ ಕ್ರಿಯಾಪದದಲ್ಲಿ ಮಾತ್ರ ಇತ್ತು.

ಅವರು ಕ್ರಿಯಾಪದದ ರೂಪಗಳ ಪಟ್ಟಿಯನ್ನು ಸರಿಯಾಗಿ ಕಲಿತಿಲ್ಲ ಅಂದುಕೊಂಡೆ. ಮತ್ತೆ ಇಡೀ ಪಟ್ಟಿ ಬರೆಸಿದೆ. ಮುಂದಿನ ವಾರವೂ ಅದೇ ತಪ್ಪು. ‘ಮೇಡಂ, ಪಟ್ಟಿ ನನಗೆ ಬಾಯಿಪಾಠ ಇದೆ’ ಅಂದರು. ಕೇಳಿದೆ, ಹದಿನಾಲ್ಕು ರೂಪಗಳನ್ನೂ ತಡವರಿಸದೆ ಹೇಳಿದರು. ‘ಹಾಗಾದರೆ ನಿನ್ನೆಯದನ್ನು ಕನ್ನಡದಲ್ಲಿ ಹೇಳಿ’ ಅಂದೆ. ‘ಎದ್ದು, ಮುಖ ತೊಳೆದು, ತಿಂಡಿ ತಿಂದು, ಕೆಲಸಕ್ಕೆ ಹೋದೆ.’

ತಪ್ಪು ಎಲ್ಲಿಂದ ಬಂತು ಎಂದು ನನಗೆ ಆಗ ಗೊತ್ತಾಯಿತು. ಕನ್ನಡದಲ್ಲಿ ಎದ್ದು, ತೊಳೆದು, ತಿಂದು ಎಂದು ಪೋಣಿಸುತ್ತಾ ಹೋಗುತ್ತೇವೆ. ಯಾರು ಮಾಡಿದ್ದು ಎಂಬುದನ್ನು ಕೊನೆಯ ‘ಹೋದೆ’ ಒಂದೇ ಹೇಳುತ್ತದೆ. ಅರೇಬಿಕ್‌ನಲ್ಲಿ ಆ ಪೋಣಿಸುವಿಕೆ ಇಲ್ಲ. ನಡುವೆ ‘ವ’, ‘ಥುಮ್ಮ’ ಬಂದರೂ ಪ್ರತಿ ಕ್ರಿಯಾಪದವೂ ತನ್ನ ‘ತು’ವನ್ನು ತಾನೇ ಹೊತ್ತುಕೊಳ್ಳಬೇಕು: ಇಸ್ತೈಕಝ್ತು ವ ಗಸಲ್ತು ವ ಅಕಲ್ತು, ಥುಮ್ಮ ದಹಬ್ತು. ಪಟ್ಟಿಯೂ ಇಲ್ಲಿ ಅವರ ಕೈ ಹಿಡಿಯಲಿಲ್ಲ. ಹಳೆಯ ಕ್ರಮದಲ್ಲಿ ಅದು ‘ಅವನು’ ಇಂದ ಶುರುವಾಗುತ್ತದೆ, ‘ನಾನು’ ಬರುವುದು ಹದಿಮೂರನೆಯದಾಗಿ. ಡೈರಿಗೆ ಬೇಕಾದದ್ದು ಆ ಹದಿಮೂರನೆಯದೇ, ಅಲ್ವಾ?

ಈಗ ಡೈರಿ ಬರೆಸುವ ಮೊದಲು ಅದನ್ನು ಕನ್ನಡದಲ್ಲೇ ತುಂಡು ಮಾಡಿಸುತ್ತೇನೆ. ‘ಎದ್ದೆ. ಮುಖ ತೊಳೆದೆ. ತಿಂಡಿ ತಿಂದೆ. ಹೋದೆ.’ ಕನ್ನಡದ ಕಿವಿಗೆ ಇದು ಒರಟು. ಆದರೆ ಪ್ರತಿ ‘ಎ’ಕಾರಕ್ಕೂ ಒಂದು ‘ತು’ ಸಿಕ್ಕಿಬಿಡುತ್ತದೆ. ಆರು ಕೆಲಸ ಮಾಡಿದ್ದರೆ ಆರು ‘ತು’, ಎಣಿಸಿ ನೋಡಬಹುದು. ‘ಹೋದೆ’ ಅಂದರೆ ಸಾಕು, ‘ನಾನು’ ಬೇಡ ಎಂಬ ನಮ್ಮ ರೂಢಿ ಅಲ್ಲಿಯೂ ನಡೆಯುತ್ತದೆ. ‘ದಹಬ್ತು’ ಅಂದರೆ ಆಯಿತು, ‘ಅನಾ’ ಬೇಕಿಲ್ಲ.

ಇಷ್ಟಾದ ಮೇಲೂ ಒಂದು ಕಡೆ ಎಲ್ಲರೂ ಎಡವುತ್ತಾರೆ. ಡೈರಿಯ ಕೊನೆಯಲ್ಲಿ ‘ಮಲಗಿದೆ’ ಬರಲೇಬೇಕು. ಅವನು ಮಲಗಿದ ಅನ್ನುವುದಕ್ಕೆ ‘ನಾಮ’. ಅದಕ್ಕೆ ಸುಮ್ನೆ ‘ತು’ ಸೇರಿಸಿ ‘ನಾಮ್ತು’ ಎಂದು ಬರೆದುಬಿಡುತ್ತಾರೆ. ದಿನನಿತ್ಯದ ಅರೇಬಿಕ್ ಬರಹದಲ್ಲಿ ಹ್ರಸ್ವ ಸ್ವರಗಳ ಗುರುತು ಹಾಕುವುದಿಲ್ಲ. ಹಾಗಾಗಿ ನೂನ್, ಅಲಿಫ್, ಮೀಮ್, ತಾ ಅಕ್ಷರಗಳಲ್ಲಿ ಬರೆದದ್ದನ್ನು ಅರಬರು ‘ನಾಮತ್’ ಎಂದೇ ಓದುತ್ತಾರೆ, ಅಂದರೆ ‘ಅವಳು ಮಲಗಿದಳು’. ‘ಮನೆಗೆ ಬಂದೆ’ ಎನ್ನಲು ‘ಆದ್ತು’ ಎಂದು ಬರೆದರೂ ಅಷ್ಟೇ. ಅದು ‘ಆದತ್’ ಆಗಿ, ಮನೆಗೆ ಬಂದವಳು ಯಾರೋ ಹೆಂಗಸು ಎಂದಾಗುತ್ತದೆ.

ಸರಿಯಾದ ರೂಪಗಳು ನಿಮ್ತು ಮತ್ತು ಉದ್ತು. ಉದ್ದ ಸ್ವರದ ಬೆನ್ನಿಗೇ ಎರಡು ವ್ಯಂಜನ ಒಟ್ಟಿಗೆ ಬಂದರೆ ಅರೇಬಿಕ್ ಆ ಸ್ವರವನ್ನು ಗಿಡ್ಡ ಮಾಡುತ್ತದೆ. ಬರಹದಲ್ಲಿ ‘ಆ’ ತೋರಿಸುವ ಅಲಿಫ್ ಬಿದ್ದುಹೋಗುತ್ತದೆ. ಉಳಿಯುವುದು ‘ಉ’ ಅಥವಾ ‘ಇ’. ಯಾವುದು ಎಂದು ತಿಳಿಯಲು ವರ್ತಮಾನ ರೂಪ ನೋಡಬೇಕು. ಅದರ ನಡುವೆ ‘ಊ’ ಇದ್ದರೆ ‘ಉ’: ಯಊದು, ಉದ್ತು, ಯಝೂರು, ಝುರ್ತು. ಇಲ್ಲದಿದ್ದರೆ ‘ಇ’: ಯನಾಮು, ನಿಮ್ತು, ಯಬೀಉ, ಬಿಅ್‌ತು.

ಡೈರಿಯನ್ನು ನಾನೇ ತಿದ್ದಿ ಕೊಡುವುದನ್ನು ಈಗ ಬಿಟ್ಟಿದ್ದೇನೆ. ಬರೆದವರೇ ಗಟ್ಟಿಯಾಗಿ ಓದಬೇಕು. ಹಲವರು ಚಿಕ್ಕಂದಿನಿಂದ ಸ್ವರಗುರುತು ಇರುವ ಅರೇಬಿಕ್ ಓದಿ ಬಂದವರು. ಗುರುತಿಲ್ಲದ ತಮ್ಮದೇ ಸಾಲು ಓದುವಾಗ ತಡೆಯುತ್ತಾರೆ. ಸರಿಯಾಗಿ ಬರೆದ ‘ಅಕಲ್ತು’ವನ್ನೂ ‘ಅಕಲತ್’, ಅಂದರೆ ‘ಅವಳು ತಿಂದಳು’ ಎಂದು ಓದಿದರೆ ಕೈ ಸರಿಯಿದೆ, ಕಿವಿಗೆ ಇನ್ನೂ ಕೂತಿಲ್ಲ ಎಂದು ಗೊತ್ತಾಗುತ್ತದೆ. ಪುಟ ನೋಡಿ ತಿದ್ದುವಾಗ ಇದು ನನಗೆ ಯಾವತ್ತೂ ಸಿಕ್ಕಿರಲಿಲ್ಲ, ಯಾಕೆಂದರೆ ಎರಡಕ್ಕೂ ಅಕ್ಷರಗಳು ಒಂದೇ.

ಆ ಎಲೆಕ್ಟ್ರಿಷಿಯನ್ ಮೂರನೇ ವಾರ ತಂದ ಡೈರಿಯಲ್ಲಿ ಅಕ್ಕನ ಮನೆಗೆ ಹೋದ ಭಾನುವಾರವಿತ್ತು. ಓದುತ್ತಾ ಬಂದು ‘ಝಾರ...’ ಎಂದು ನಿಂತರು. ಪೆನ್ನು ತೆಗೆದುಕೊಂಡು ಅಲಿಫ್ ಹೊಡೆದುಹಾಕಿದರು. ‘ಝುರ್ತು ಉಖ್ತೀ’, ಅಂದರೆ ‘ಅಕ್ಕನನ್ನು ಭೇಟಿಯಾದೆ’, ಎಂದು ಓದಿ ಮುಂದಿನ ಸಾಲಿಗೆ ಹೋದರು.