ಎರೆ ನೆಲದಲ್ಲಿ ಫುಟಿಂಗ್ ಅಗಲ ಮಾಡುವ ಮುನ್ನ

ದಾವಣಗೆರೆಯ ಸುತ್ತ ಮನೆ ಕಟ್ಟಿಸುವವರಿಂದಲೂ ಮೇಸ್ತ್ರಿಗಳಿಂದಲೂ ನಾನು ಹೆಚ್ಚಾಗಿ ಕೇಳುವ ಮಾತು ಒಂದೇ: "ಸರ್, ನೆಲ ಮೆತ್ತಗೈತಿ, ಫುಟಿಂಗ್ ಇನ್ನೊಂದಿಷ್ಟು ಅಗಲ ಮಾಡಿಬಿಡೋಣ." ಭಾರಕ್ಕೆ ಕುಸಿಯುವ ಮೆತ್ತನೆಯ ಮಣ್ಣಿಗೆ ಈ ಮಾತು ಸರಿ. ಆದರೆ ನೀರು ಕುಡಿದು ಉಬ್ಬುವ ಎರೆಮಣ್ಣಿನಲ್ಲಿ ಕಂಬದಡಿಯ ಫುಟಿಂಗ್ ಅಗಲವಾದಷ್ಟೂ ಅದು ಮಣ್ಣಿನ ಮೇಲೆ ಹಾಕುವ ಒತ್ತಡ ಕಡಿಮೆಯಾಗಿ, ಮಣ್ಣು ಅದನ್ನು ಇನ್ನಷ್ಟು ಸುಲಭವಾಗಿ ಮೇಲೆತ್ತುತ್ತದೆ.

ಒಂದು ಮನೆಯ ಲೆಕ್ಕವನ್ನೇ ನೋಡೋಣ. ನೆಲ ಮತ್ತು ಮೊದಲ ಮಹಡಿಯ ಆ ಮನೆಯ ನಿವೇಶನ, ಹಿಂದೆ ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುತ್ತಿದ್ದ ಗದ್ದೆ. ಮೇಲೆ 4.2 ಮೀಟರ್ ಎರೆಮಣ್ಣು, ಅದರ ಕೆಳಗೆ ಸುಣ್ಣಕಲ್ಲಿನ ಹರಳು ಬೆರೆತ ಗಟ್ಟಿ ಹಳದಿ ಮಣ್ಣು, 6 ಮೀಟರಿನ ನಂತರ ಗರಸು. ನಡುವಿನ ಕಂಬಗಳ ಭಾರ ಸುಮಾರು 40 ಟನ್, ಪೋರ್ಟಿಕೊ ಕಂಬದ್ದು ಬರಿಯ 6 ಟನ್. ನಡುವಿನ ಕಂಬಕ್ಕೆ 2 ಮೀಟರ್ ಚದರದ ಫುಟಿಂಗ್ ಕೊಟ್ಟರೆ ಪ್ರತಿ ಚದರ ಮೀಟರಿಗೆ 10 ಟನ್ ಒತ್ತಡ ಬೀಳುತ್ತದೆ. ಪೋರ್ಟಿಕೊಗೂ "ಒಂದೇ ಅಳತೆ ಇರಲಿ" ಎಂದು ಅದನ್ನೇ ಕೊಟ್ಟರೆ ಅಲ್ಲಿ ಬೀಳುವುದು 1.5 ಟನ್ ಮಾತ್ರ. ಪ್ರಯೋಗಾಲಯದಲ್ಲಿ ಒಣ ಮಾದರಿಯ ಉಬ್ಬುವ ಒತ್ತಡ ಚದರ ಮೀಟರಿಗೆ 12 ಟನ್ ಬಂದಿತ್ತು. ನಡುವಿನ ಕಂಬ ಬಹುಮಟ್ಟಿಗೆ ತಡೆದುಕೊಳ್ಳುತ್ತದೆ, ಪೋರ್ಟಿಕೊ ಏಳುತ್ತದೆ, ಇವೆರಡರ ನಡುವಿನ ಗೋಡೆ ಬಿರಿಯುತ್ತದೆ. ಎರೆ ನೆಲದಲ್ಲಿ ಹಗುರವಾದ ಭಾಗಗಳೇ, ಅಂದರೆ ಪೋರ್ಟಿಕೊ, ಕಾಂಪೌಂಡು, ಹೊರಗಿನ ಮೆಟ್ಟಿಲು, ಮೊದಲು ಕೆಡುವುದಕ್ಕೆ ಕಾರಣ ಇದೇ.

ಮಣ್ಣಿನ ಪರೀಕ್ಷೆಯ ವರದಿಯನ್ನು ಓದುವಾಗಲೂ ಒಂದು ಎಚ್ಚರ ಬೇಕು. ಗದ್ದೆಯ ಹಸಿ ಮಣ್ಣನ್ನು ಹಾಗೆಯೇ ಪರೀಕ್ಷಿಸಿದರೆ ಅದು ಆಗಲೇ ಉಬ್ಬಿ ಕುಳಿತಿರುವುದರಿಂದ ಉಬ್ಬುವ ಒತ್ತಡ ಕಡಿಮೆ ತೋರುತ್ತದೆ. ಲೇಔಟ್ ಆಗಿ ನಾಲೆಯ ನೀರು ಬರುವುದು ನಿಂತ ಮೇಲೆ ಅದೇ ಮಣ್ಣು ಒಣಗಿ ಕುಗ್ಗುತ್ತದೆ, ಮತ್ತೆ ಮಳೆಗೆ ಉಬ್ಬುತ್ತದೆ. ಆದ್ದರಿಂದ ನಾನು ಮುಕ್ತ ಉಬ್ಬಿನ ಪರೀಕ್ಷೆಯನ್ನೂ ಕೇಳುತ್ತೇನೆ. ಒಣಗಿಸಿ ಜರಡಿ ಹಿಡಿದ 10 ಗ್ರಾಂ ಮಣ್ಣನ್ನು ಒಂದು ಜಾಡಿಯಲ್ಲಿ ಸೀಮೆಎಣ್ಣೆಯೊಡನೆ, ಇನ್ನೊಂದರಲ್ಲಿ ನೀರಿನೊಡನೆ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಗೆ ಮಣ್ಣು ಉಬ್ಬುವುದಿಲ್ಲ. ಇಲ್ಲಿ ಅದರಲ್ಲಿ 10 ಮಿಲಿ, ನೀರಿನಲ್ಲಿ 22 ಮಿಲಿ ಬಂದಿದ್ದರಿಂದ ಉಬ್ಬು ಶೇ. 120, ಶೇ. 100 ದಾಟಿದರೆ ಹೆಚ್ಚು ಉಬ್ಬುವ ಮಣ್ಣೆಂದೇ ಲೆಕ್ಕ.

ಎರೆ ಒಂದೂವರೆ, ಎರಡು ಮೀಟರಿನಲ್ಲಿ ಮುಗಿದು ಗರಸು ಸಿಕ್ಕಿದ್ದರೆ, ಚಿತ್ರದುರ್ಗದ ಕಡೆಯ ಕೆಲವು ನಿವೇಶನಗಳಲ್ಲಿ ಮಾಡಿದಂತೆ, ಗರಸಿನ ಮೇಲೆ ಬಿಡಿ ಫುಟಿಂಗ್ ಕೂರಿಸಿ ಸುಮ್ಮನಾಗುತ್ತಿದ್ದೆ. ಆದರೆ ಇಲ್ಲಿ 4 ಮೀಟರಿಗೂ ಮಿಕ್ಕಿದ ಗುಂಡಿಗಳನ್ನು ಎರೆಯಲ್ಲಿ ತೋಡಿದರೆ ಬದಿಗಳು ಕುಸಿಯುತ್ತವೆ, ನಾಲೆಯಲ್ಲಿ ನೀರಿರುವ ದಿನಗಳಲ್ಲಿ ಗುಂಡಿ ತುಂಬುತ್ತದೆ. ಯಜಮಾನರು ಇಡೀ ಮನೆಯಡಿ ಒಂದೇ ಕಾಂಕ್ರೀಟ್ ಚಪ್ಪಡಿ ಹಾಸುವ ರಾಫ್ಟ್ ಎಂದರು. ಭಾರವಾದ ಕಟ್ಟಡ ಮೆತ್ತನೆಯ ನೆಲದಲ್ಲಿ ಓರೆಯಾಗಿ ಕುಸಿಯದಂತೆ ರಾಫ್ಟ್ ಕಾಯುತ್ತದೆ, ನಿಜ. ಆದರೆ ಹಗುರವಾದ ಮನೆಯ ರಾಫ್ಟ್ ಎರೆಯ ಮೇಲೆ ಕುಳಿತರೆ ನಡುವಿನ ಮಣ್ಣಿನ ತೇವ ಆವಿಯಾಗದೆ ಉಳಿದು ಉಬ್ಬುತ್ತದೆ, ಅಂಚಿನ ಮಣ್ಣು ಬೇಸಿಗೆಯಲ್ಲಿ ಕುಗ್ಗುತ್ತದೆ. ಗೋಡೆಯ ಬಿರುಕು ಮೇಲೆ ಅಗಲವಾಗಿ, ಕೆಳಗೆ ಕಿರಿದಾಗಿದ್ದರೆ ನಡು ಎದ್ದಿದೆ ಎಂದು ತಿಳಿಯಬಹುದು. ಇದನ್ನು ತಡೆಯುವಷ್ಟು ಬಿಗಿಯಾದ ರಾಫ್ಟಿನ ಕಬ್ಬಿಣದ ಖರ್ಚು ಆ ಮನೆಗೆ ಹೊಂದುತ್ತಿರಲಿಲ್ಲ.

ಉಳಿದದ್ದು ನೆಲವನ್ನು ಆಳಕ್ಕೆ ಕೊರೆದು ಕಾಂಕ್ರೀಟ್ ತುಂಬುವ, ಬುಡದಲ್ಲಿ ಗಡ್ಡೆಯಿರುವ ಅಂಡರ್‌ರೀಮ್ಡ್ ಪೈಲ್. ಎರೆಮಣ್ಣಿಗೆಂದೇ ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ವಿಧಾನವಿದು. 300 ಮಿಲಿಮೀಟರ್ ಕಾಂಡ, ಅದರ ಎರಡೂವರೆ ಪಟ್ಟು, ಅಂದರೆ 750 ಮಿಲಿಮೀಟರ್ ಗಡ್ಡೆ. ಋತುಮಾನಕ್ಕೆ ತಕ್ಕಂತೆ ತೇವ ಬದಲಾಗುವ ಪದರ 3 ಮೀಟರ್ ಎಂದು ಹಿಡಿದೆವು. ಅಷ್ಟು ಆಳದಲ್ಲಿ ಕಾಂಡದ ಮೈ ಸುಮಾರು 2.8 ಚದರ ಮೀಟರ್. ಮಣ್ಣು ಚದರ ಮೀಟರಿಗೆ 3 ಟನ್ ಹಿಡಿದೆಳೆದರೂ ಪೈಲನ್ನು 8.5 ಟನ್ ಬಲದಿಂದ ಮೇಲೆತ್ತುತ್ತದೆ. ಪೋರ್ಟಿಕೊದ 6 ಟನ್ ಕಳೆದರೆ ಎರಡೂವರೆ ಟನ್ ಎಳೆತ ಉಳಿಯುತ್ತದೆ. ಗಡ್ಡೆಯನ್ನು 5 ಮೀಟರ್ ಆಳದ ಹಳದಿ ಮಣ್ಣಿನಲ್ಲಿಟ್ಟು, ಕಬ್ಬಿಣವನ್ನು ಬುಡದವರೆಗೂ ಇಳಿಸಿದ್ದು ಇದಕ್ಕಾಗಿಯೇ. ನಡುವಿನ ಕಂಬಗಳಿಗೆ ಒಂದೂವರೆ ಮೀಟರ್ ಅಂತರದ ಪೈಲ್ ಗುಂಪುಗಳು ಬೇಕಾದವು. ಗಡ್ಡೆ ಕೊರೆದ ಗುಂಡಿಗೆ ಅಂದೇ ಕಾಂಕ್ರೀಟ್ ಹಾಕಬೇಕು. ರಾತ್ರಿ ಬಿಟ್ಟರೆ ಗಡ್ಡೆಯ ಸೂರು ಕುಸಿದು ಬುಡದಲ್ಲಿ ಸಡಿಲ ಮಣ್ಣು ಕೂರುತ್ತದೆ.

ನಾನು ಸ್ವತಃ ಬಗ್ಗಿ ನೋಡುವುದು ಗೋಡೆಗಳನ್ನು ಹೊರುವ ಪ್ಲಿಂತ್ ಬೀಮಿನ ಅಡಿಯನ್ನು. ಬೀಮಿಗೂ ನೆಲಕ್ಕೂ ಕನಿಷ್ಠ 80 ಮಿಲಿಮೀಟರ್ ಬಿಡುವಿರಬೇಕು. ಕಾಂಕ್ರೀಟ್ ಹಾಕಲು ಹಾಸಿದ ಇಟ್ಟಿಗೆ, ಮಣ್ಣನ್ನು ಹಾಗೇ ಬಿಟ್ಟರೆ ಎರೆ ಅದರ ಮೂಲಕವೇ ಬೀಮನ್ನು ತಳ್ಳಿ, ಪೈಲಿನ ಹಣವೆಲ್ಲ ವ್ಯರ್ಥವಾಗುತ್ತದೆ. ಪೈಲುಗಳ ತಲೆಯನ್ನು ಸೇರಿಸಿ ಕಟ್ಟುವ ಪೈಲ್ ಕ್ಯಾಪಿನ ಅಡಿಗೂ ಇದೇ ನಿಯಮ.

ಇಷ್ಟಾದರೂ ಕೋಣೆಯ ನೆಲಹಾಸು ಮಣ್ಣಿನ ಮೇಲೆಯೇ ಇರುತ್ತದೆ. ಬೀಮಿನಿಂದ ಬೀಮಿಗೆ ಸ್ಲ್ಯಾಬ್ ಹಾಕುವ ಖರ್ಚನ್ನು ಯಜಮಾನರು ಒಪ್ಪದ ಕಾರಣ, ಮೇಲಿನ ಎರೆಯನ್ನು 1 ಮೀಟರ್ ತೆಗೆದು, ಉಬ್ಬದ ಅಂಟು ಗರಸನ್ನು ಪದರ ಪದರವಾಗಿ ದಮ್ಮಸು ಮಾಡಿದೆವು. ಮರಳು ತುಂಬಿಸಲು ಮಾತ್ರ ಬಿಡಲಿಲ್ಲ. ಸುತ್ತಲಿನ ನೀರೆಲ್ಲ ಅದರೊಳಗೆ ನಿಂತು ಕೆಳಗಿನ ಎರೆಯನ್ನು ವರ್ಷವಿಡೀ ನೆನೆಸುತ್ತದೆ.