ಊರು ಸರಿ, ದಿನ ತಪ್ಪು

11 ಆಗಸ್ಟ್ 2024, ಭಾನುವಾರ, ಮಂಡ್ಯ

ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಫೋನ್ ಗುಂಯ್‌ಗುಟ್ಟಿತು. ಚಿಕ್ಕಮ್ಮ. ಶ್ರೀರಂಗಪಟ್ಟಣದಲ್ಲಿ ನದಿಗೆ ನಾಲ್ಕು ಹೆಜ್ಜೆ ದೂರದಲ್ಲಿ ಅವರ ಮನೆ. "ಕೆಆರ್‌ಎಸ್ ಗೇಟ್ ಮುರ್‌ದೋಗದಂತಲ್ಲೋ, ನಾವು ಮನೆ ಬುಡ್‌ಬೇಕಾ?" ಅಂದರು. ಜೊತೆಗೆ ಒಂದು ವಿಡಿಯೋ ಕಳಿಸಿದ್ದರು. ಕೆಂಪು ಪಟ್ಟಿಯಲ್ಲಿ ದಪ್ಪ ಅಕ್ಷರ: 'ಐದು ನಿಮಿಷದ ಹಿಂದೆ ಕೆಆರ್‌ಎಸ್ ಗೇಟ್ ಕಿತ್ತುಹೋಗಿದೆ, ನದಿ ದಡದವರು ಓಡಿ'. ಹಿನ್ನೆಲೆಯಲ್ಲಿ ಸೈರನ್ ಸದ್ದು. ಮೇಲೆ ಎರಡು ಬಾಣದ ಗುರುತು. ಅಂದರೆ ಎಷ್ಟೋ ಕೈ ದಾಟಿ ಬಂದದ್ದು.

ಇಂಥ ದಿನ ಇಂಥದ್ದು ಬರಲೇಬೇಕಿತ್ತು. ನಿನ್ನೆ ರಾತ್ರಿ ಹೊಸಪೇಟೆಯಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಗಿದೆ. ಅದು ನಿಜ. ಒಂದು ನಿಜದ ಪಕ್ಕದಲ್ಲಿ ಸುಳ್ಳು ಕೂತರೆ ಜನ ಬೇಗ ನಂಬುತ್ತಾರೆ. ಅಲ್ಲಿ ಮುರಿಯಿತು ಅಂದಮೇಲೆ ಇಲ್ಲಿಯೂ ಮುರಿದಿರಬಹುದು ಅನ್ನಿಸುವುದು ಸಹಜ.

ಚಿಕ್ಕಮ್ಮನಿಗೆ "ಹತ್ತು ನಿಮಿಷ ಕೊಡಿ, ಯಾರಿಗೂ ಕಳಿಸಬೇಡಿ" ಅಂದೆ. ಎರಡು ಫೋನ್ ಮಾಡಿದೆ. ಮೊದಲನೆಯದು ಅಣೆಕಟ್ಟೆಯಲ್ಲಿ ಕೆಲಸ ಮಾಡುವ ಪರಿಚಯದ ಎಂಜಿನಿಯರ್‌ಗೆ. "ಎಲ್ಲಾ ಗೇಟೂ ಜಾಗದಲ್ಲೇ ಇವೆ ಸಾರ್, ಬೆಳಗಿಂದ ಇದು ಎಷ್ಟನೇ ಫೋನೋ" ಅಂದರು. ಎರಡನೆಯದು ಪಟ್ಟಣದ ವೆಲ್ಲೆಸ್ಲಿ ಸೇತುವೆ ಹತ್ತಿರ ಇರುವ ಗೆಳೆಯನಿಗೆ. ಅವನು ಚಡ್ಡಿಯಲ್ಲೇ ಹೋಗಿ ನೋಡಿ ಬಂದ. "ನೆನ್ನೆ ಇದ್ದಂಗೇ ಅದೆ ಕಣಣ್ಣ ನೀರು, ಕಂಬದ ಗುರ್ತೂ ಹಂಗೇ ಅದೆ." ಆದರೆ ಇದೊಂದನ್ನೇ ನಂಬುವಂತಿಲ್ಲ. ಅಣೆಕಟ್ಟೆಯಿಂದ ಬಿಟ್ಟ ನೀರು ಪಟ್ಟಣ ಮುಟ್ಟಲು ಹೊತ್ತು ಹಿಡಿಯುತ್ತದೆ. ಐದು ನಿಮಿಷದ ಹಿಂದೆ ಮುರಿದಿದ್ದರೆ ಅವನ ಕಂಬದ ಗುರುತಿಗೆ ಇನ್ನೂ ಗೊತ್ತಾಗಿರುವುದಿಲ್ಲ. ಎರಡೂ ಕಡೆಯ ಮಾತು ಒಂದೇ ಆದದ್ದರಿಂದ ಚಿಕ್ಕಮ್ಮನಿಗೆ "ಸುಳ್ಳು, ಕಾಫಿ ಕುಡೀರಿ" ಅಂತ ಹೇಳಿದೆ.

ಮನೆಯವರಿಗೆ ಅಷ್ಟು ಸಾಕು. ಪತ್ರಿಕೆಗೆ ಸಾಲದು. ಆಫೀಸಿಗೆ ಹೋದಾಗ ನಮ್ಮ ಸುದ್ದಿ ಮುಖ್ಯಸ್ಥರು ಅದೇ ವಿಡಿಯೋ ನೋಡುತ್ತಾ ಕೂತಿದ್ದರು. "ಗೇಟ್ ಮುರಿದಿಲ್ಲ, ಸರಿ. ಹಾಗಾದರೆ ಇದು ಏನು? ಬೇರೆ ಯಾವುದೋ ಡ್ಯಾಮಾ?" ಅಂದರು. ಅದೇ ಸರಿಯಾದ ಪ್ರಶ್ನೆ. 'ಸುಳ್ಳು ಸುದ್ದಿ' ಅಂತ ಬರೆದರೆ ಓದುಗ "ಹಾಗಾದ್ರೆ ಇದೇನಪ್ಪಾ?" ಅಂತ ಕೇಳುತ್ತಾನೆ. ಅದಕ್ಕೆ ಉತ್ತರ ಇಲ್ಲದಿದ್ದರೆ ಅವನು ಎಂಜಿನಿಯರನ್ನಲ್ಲ, ವಿಡಿಯೋವನ್ನೇ ನಂಬುತ್ತಾನೆ.

29 ಸೆಕೆಂಡಿನ ತುಣುಕು. ಫೈಲ್ ಹೆಸರು `VID-20240811-WA0034.mp4`. ನಮ್ಮ ಟ್ರೈನಿ ಹುಡುಗ "ಸಾರ್, 11ನೇ ತಾರೀಕೇ ಇದೆ ನೋಡಿ" ಅಂದ. ಅದು ನನ್ನ ಫೋನಿಗೆ ಬಂದ ದಿನ ಕಣಪ್ಪ, ತೆಗೆದ ದಿನ ಅಲ್ಲ ಅಂದೆ. ವಾಟ್ಸಾಪ್‌ನಲ್ಲಿ ಸಾಮಾನ್ಯವಾಗಿ ಕಳಿಸಿದ ಫೋಟೋ, ವಿಡಿಯೋಗಳ ಒಳಗಿನ ಕ್ಯಾಮೆರಾ ಮಾಹಿತಿಯೂ ಉಳಿಯುವುದಿಲ್ಲ. ಹಾಗಾಗಿ ಫೈಲ್‌ನ ಪ್ರಾಪರ್ಟಿಸ್ ತೆಗೆದು ನೋಡುವುದು ಇಲ್ಲಿ ಸುಮ್ನೆ ಕಾಲಹರಣ.

ಮೊದಲು ಜಾಗ. ಇದು ನಮಗೆ ಸುಲಭ, ಹುಟ್ಟಿದಾಗಿನಿಂದ ನೋಡಿದ ಗೋಡೆ ಅದು. ತುಂಗಭದ್ರಾದಲ್ಲಿ 33 ಕ್ರೆಸ್ಟ್ ಗೇಟ್ ಮೇಲ್ಗಡೆ ಒಂದೇ ಸಾಲಿನಲ್ಲಿವೆ. ಅಲ್ಲಿ ಒಂದು ಗೇಟ್ ಹೋದರೆ ಹಲ್ಲು ಬಿದ್ದ ಬಾಯಿಯ ಹಾಗೆ ಸಾಲಿನ ನಡುವೆ ಸಂದು ಕಾಣುತ್ತದೆ. ಕೆಆರ್‌ಎಸ್ ಹಾಗಲ್ಲ. ಕಲ್ಲಿನ ಗೋಡೆಯಲ್ಲಿ ಬೇರೆ ಬೇರೆ ಮಟ್ಟದಲ್ಲಿ ಸಣ್ಣ ಗೇಟ್‌ಗಳ ಸಾಲುಗಳಿವೆ. ಆ ಮಟ್ಟಗಳ ಹೆಸರಲ್ಲೇ ಇಲ್ಲಿಯವರು 103 ಅಡಿ ಗೇಟು, 106 ಅಡಿ ಗೇಟು, 114 ಅಡಿ ಗೇಟು ಅನ್ನುತ್ತಾರೆ. ಅವನ್ನು ಎತ್ತಿದಾಗ ನೀರು ಗೋಡೆಯ ತೂತಿನಿಂದ ಬಿಲ್ಲಿನ ಹಾಗೆ ಚಿಮ್ಮುತ್ತದೆ. ಇದನ್ನು ಹಿಂದೆ ನೋಡಿರದವರಿಗೆ ಗೋಡೆ ಒಡೆದಂತೆಯೇ ಕಾಣಬೇಕು. ಈ ವಿಡಿಯೋದಲ್ಲಿ ಚೌಕಟ್ಟನ್ನು ಎಳೆದು ದೊಡ್ಡದು ಮಾಡಿ ಎರಡೇ ತೂತು ಕಾಣುವ ಹಾಗೆ ಕತ್ತರಿಸಿದ್ದರು. ಅಕ್ಕಪಕ್ಕದ ಇಪ್ಪತ್ತು ಗೇಟಿನಲ್ಲೂ ಅದೇ ನೀರು ಬೀಳುತ್ತಿದೆ ಅನ್ನೋದು ಕಾಣುವುದಿಲ್ಲ.

ಜಾಗ ಕೆಆರ್‌ಎಸ್ಸೇ, ಅನುಮಾನ ಇಲ್ಲ. ನಿಜವಾದ ಅಪಾಯ ಇರುವುದು ಇಲ್ಲೇ. ಬೇರೆ ದೇಶದ ಅಣೆಕಟ್ಟೆಯ ವಿಡಿಯೋ ಆಗಿದ್ದರೆ ಯಾರಾದರೂ ಹಿಡಿಯುತ್ತಿದ್ದರು. ಊರಿನದೇ ಆದರೆ "ಹೌದು, ನಮ್ಮ ಡ್ಯಾಮೇ" ಅಂದು ಅಲ್ಲಿಗೇ ನಿಂತುಬಿಡುತ್ತೇವೆ. ನಾನೂ ಒಮ್ಮೆ ನಿಂತಿದ್ದೆ. 2019ರ ಆಗಸ್ಟ್‌ನಲ್ಲಿ ಕಪಿಲೆ ತುಂಬಿ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿದಾಗ ಒಂದು ಒಳ್ಳೆಯ ಫೋಟೋ ಬಂತು. ಮಂಟಪ ಅದೇ, ನದಿ ಅದೇ, ಮುಳುಗಿದ್ದೂ ನಿಜ. ಹಾಕಿದೆ. ಮಾರನೇ ದಿನ ನಂಜನಗೂಡಿನ ಓದುಗರೊಬ್ಬರು ಫೋನ್ ಮಾಡಿ, "ಸ್ವಾಮಿ, ದಡದ ಮೇಲೆ ನೀಲಿ ಟಾರ್ಪಾಲಿನ ಟೀ ಅಂಗಡಿ ಇದೆಯಲ್ಲ, ಅದನ್ನ ತೆಗೆದು ಆರು ತಿಂಗಳಾಯ್ತು" ಅಂದರು. ಅದು 2018ರ ಪ್ರವಾಹದ ಫೋಟೋ. ಹಿಂದಿನ ವರ್ಷವೂ ಅದೇ ಮಂಟಪ ಅದೇ ರೀತಿ ಮುಳುಗಿತ್ತು. ಒಂದೇ ನದಿ ಒಂದೇ ಜಾಗವನ್ನು ಮತ್ತೆ ಮತ್ತೆ ಮುಳುಗಿಸುವಾಗ ಗುರುತು ಹಿಡಿದದ್ದು ಜಾಗ ಮಾತ್ರ. ದಿನವನ್ನು ಬೇರೆಯಾಗಿ ಹಿಡಿಯಬೇಕು. ತಿದ್ದುಪಡಿ ಹಾಕಿದೆವು. ಅದು ಆರನೇ ಪುಟದ ಮೂಲೆಯಲ್ಲಿ ಬಂತು, ಫೋಟೋ ಮುಖಪುಟದಲ್ಲಿ ಬಂದಿತ್ತು.

ಸರಿ, ದಿನ. ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಏಳು ಹತ್ತಕ್ಕೆ ಬಂದ ಸಂದೇಶ 'ಐದು ನಿಮಿಷದ ಹಿಂದೆ' ಅನ್ನುತ್ತದೆ. ಕೆಆರ್‌ಎಸ್ ಗೋಡೆ ಹೆಚ್ಚುಕಡಿಮೆ ಉತ್ತರ ದಕ್ಷಿಣವಾಗಿ ನಿಂತಿದೆ. ಹಿನ್ನೀರು ಪಶ್ಚಿಮಕ್ಕೆ, ನದಿ ಹೊರಬೀಳುವುದು ಪೂರ್ವಕ್ಕೆ. ಕೆಳಗೆ ನಿಂತು ಗೋಡೆಯ ಕಡೆ ತಿರುಗಿದವನ ಬೆನ್ನಿಗೆ ಬೆಳಗಿನ ಸೂರ್ಯ ಇರಬೇಕು, ಗೋಡೆಯ ಮುಖದ ಮೇಲೆ ಬಿಸಿಲು ಬೀಳಬೇಕು. ವಿಡಿಯೋದಲ್ಲಿ ಗೋಡೆಯ ಮುಖ ಪೂರ್ತಿ ನೆರಳಲ್ಲಿದೆ, ಗೋಡೆಯ ಮೇಲಂಚಿನ ಹಿಂದೆ ಆಕಾಶ ಹಳದಿ. ಅಂದರೆ ಸೂರ್ಯ ಗೋಡೆಯ ಹಿಂದಿದ್ದಾನೆ. ಅದು ಸಂಜೆ. ಮೋಡ ಕವಿದಿದ್ದರೆ ಈ ಲೆಕ್ಕ ನಡೆಯುತ್ತಿರಲಿಲ್ಲ, ಅದೃಷ್ಟಕ್ಕೆ ಆ ಸಂಜೆ ಮೋಡ ಹರಿದಿತ್ತು. 'ಐದು ನಿಮಿಷದ ಹಿಂದೆ' ಅನ್ನೋದು ಇಲ್ಲಿಗೇ ಬಿತ್ತು. ಆದರೆ ನಿನ್ನೆ ಸಂಜೆಯದಾಗಿರಬಹುದಲ್ಲ?

ನಾಲ್ಕು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿದೆ. ಮೊದಲ ಸಲ ಏನೂ ಸಿಗಲಿಲ್ಲ, ಕೆಂಪು ಪಟ್ಟಿಯ ಅಕ್ಷರಗಳನ್ನೇ ಹುಡುಕಿಕೊಂಡು ಹೋಯಿತು. ಪಟ್ಟಿ ಕತ್ತರಿಸಿ ಮತ್ತೆ ಹಾಕಿದೆ. ಈಗ ಕೆಆರ್‌ಎಸ್‌ನ ನೂರಾರು ಫೋಟೋ ಬಂದವು. ಟ್ರೈನಿ ಹುಡುಗ ಖುಷಿಪಟ್ಟ. ಅವೆಲ್ಲ 'ಇದರ ಹಾಗಿರುವ' ಚಿತ್ರಗಳು, 'ಇದೇ' ಚಿತ್ರ ಅಲ್ಲ. ಪ್ರಸಿದ್ಧ ಜಾಗಗಳ ತೊಂದರೆಯೇ ಇದು. ಹುಡುಕಾಟದ ಯಂತ್ರ ಅಣೆಕಟ್ಟೆಯನ್ನು ಗುರುತು ಹಿಡಿಯಿತು, ಆ ಗಳಿಗೆಯನ್ನಲ್ಲ.

ಅದಕ್ಕೇ ನಾನು ಗಳಿಗೆಯ ಗುರುತು ಹುಡುಕಿದೆ. 14ನೇ ಸೆಕೆಂಡಿನಲ್ಲಿ ಎಡ ಮೂಲೆಯಿಂದ ಒಂದು ಕೆಂಪು ಕೊಡೆ ಬರುತ್ತದೆ, ಗಾಳಿಗೆ ಮಗುಚಿಕೊಳ್ಳುತ್ತದೆ, ಹಿಡಿದವನು ಅದನ್ನು ತಿರುಗಿಸುತ್ತಾನೆ. ಇಂಥದ್ದು ಎರಡು ಸಲ ಒಂದೇ ರೀತಿ ಆಗುವುದಿಲ್ಲ. ಯೂಟ್ಯೂಬ್‌ಗೆ ಹೋಗಿ, ಇಂಗ್ಲಿಷ್ ಬಿಟ್ಟು ಇಲ್ಲಿಯ ಜನ ಬರೆಯುವ ಹಾಗೆ ಬರೆದೆ: 'ಕೆಆರ್‌ಎಸ್ ಗೇಟ್ ಓಪನ್', 'ಕನ್ನಂಬಾಡಿ ಕಟ್ಟೆ ನೀರು ಬಿಟ್ಟವ್ರೆ'. ಹೊಸದು ಮೊದಲು ಬರುವ ಹಾಗೆ ಮಾಡಿ ಹಿಂದಕ್ಕೆ ಹೋಗುತ್ತಾ ಹೋದೆ. ಮುಕ್ಕಾಲು ಗಂಟೆ. ಎಷ್ಟು ಜನ ಎಷ್ಟು ವಿಡಿಯೋ ತೆಗೆದಿದ್ದಾರಪ್ಪಾ, ಕಾವೇರಿಗೇ ನಾಚಿಕೆ ಆಗಬೇಕು.

ಸಿಕ್ಕಿತು. ಎರಡು ನಿಮಿಷದ ವಿಡಿಯೋ, ಜುಲೈ 28ಕ್ಕೆ ಹಾಕಿದ್ದು. ಅದೇ ಕೊಡೆ, ಅದೇ ಮಗುಚುವಿಕೆ, ಅದೇ ನೆರಳು. ಚೌಕಟ್ಟು ಅಗಲವಾಗಿದೆ, ಸಾಲು ಸಾಲು ಗೇಟಿಂದ ನೀರು. ಮುಖ್ಯವಾಗಿ ಮೂಲ ಧ್ವನಿ ಇದೆ. ಸೈರನ್ ಇಲ್ಲ. ಒಬ್ಬ ನಗುತ್ತಾ, "ಎಷ್ಟ್ ನೀರ್ ಬುಟ್ಟವ್ರೆ ನೋಡ್ಲಾ, ಹತ್ರಕ್ ಓಗ್‌ಬ್ಯಾಡ" ಅನ್ನುತ್ತಾನೆ. ಗೇಟ್ ಮುರಿದರೆ ಯಾರೂ 'ಬುಟ್ಟವ್ರೆ' ಅನ್ನುವುದಿಲ್ಲ. ಸೈರನ್ ಹಾಕಿದ್ದು ಭಯಕ್ಕೆ ಮಾತ್ರ ಅಲ್ಲ, ಈ ಮಾತನ್ನು ಮುಚ್ಚಲಿಕ್ಕೂ ಇರಬೇಕು.

ಜುಲೈ ಕೊನೆಯಲ್ಲಿ ಕಟ್ಟೆ ತನ್ನ ಗರಿಷ್ಠ ಮಟ್ಟ 124.80 ಅಡಿ ಮುಟ್ಟಿ ನೀರು ಬಿಡುತ್ತಿದ್ದರು. ಆ ದಿನಗಳ ವಿಡಿಯೋ ಇದು. ಇಲ್ಲಿ ಒಂದು ಎಚ್ಚರ ಬೇಕು. 28ರಂದು ಹಾಕಿದ್ದಾರೆ ಅಂದರೆ 28ರಂದು ತೆಗೆದದ್ದು ಅಂತ ಅರ್ಥ ಅಲ್ಲ, ಅದಕ್ಕೂ ಹಳೆಯದಾಗಿರಬಹುದು. ಆದರೆ ಆಗಸ್ಟ್ 11ರದಾಗಿರಲು ಸಾಧ್ಯವೇ ಇಲ್ಲ. ನನಗೆ ಬೇಕಾದದ್ದು ಅಷ್ಟೇ. ಇದು ಒಂದೇ ಕಡೆಗೆ ನಡೆಯುವ ಲೆಕ್ಕ. ಹಳೆ ಪ್ರತಿ ಸಿಕ್ಕರೆ 'ಇವತ್ತಿನದಲ್ಲ' ಅಂತ ಖಚಿತವಾಗಿ ಹೇಳಬಹುದು, ಸಿಗದಿದ್ದರೆ 'ಇವತ್ತಿನದು' ಅಂತ ಹೇಳುವಂತಿಲ್ಲ. ಫೇಸ್‌ಬುಕ್‌ನಲ್ಲಿ ಸಿಕ್ಕಿದ್ದರೆ ಇಷ್ಟು ಧೈರ್ಯ ಬರುತ್ತಿರಲಿಲ್ಲ. ಅಲ್ಲಿ ಪೇಜ್ ನಡೆಸುವವರು ಪೋಸ್ಟ್‌ನ ತಾರೀಕನ್ನು ಹಿಂದಕ್ಕೆ ಹಾಕಿಕೊಳ್ಳಬಹುದು.

ವಿಡಿಯೋ ಹಾಕಿದವರಿಗೆ ಕಾಮೆಂಟ್‌ನಲ್ಲಿ ಬರೆದೆ, ಮಧ್ಯಾಹ್ನ ಉತ್ತರ ಬಂತು. ಮೂಲ ಫೈಲನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಕೇಳಿದೆ, ಹಾಗೆ ಕಳಿಸಿದರೆ ಒಳಗಿನ ಮಾಹಿತಿ ಹಾಗೇ ಇರುತ್ತದೆ. ಜೊತೆಗೆ ಅದಕ್ಕೂ ಮೊದಲು, ಆಮೇಲೆ ತೆಗೆದ ಫೋಟೋ ಒಂದೊಂದು ಕೇಳಿದೆ. ಸ್ವಂತ ತೆಗೆದವರ ಹತ್ತಿರ ಅಕ್ಕಪಕ್ಕದ ಫೋಟೋ ಇದ್ದೇ ಇರುತ್ತದೆ, ಕದ್ದವರ ಹತ್ತಿರ ಆ ಒಂದೇ ಇರುತ್ತದೆ. ಅವರು ಕಳಿಸಿದರು: ಮೊದಲನೆಯದರಲ್ಲಿ ಚುರುಮುರಿ ತಿನ್ನುವ ಮಗು, ಆಮೇಲಿನದರಲ್ಲಿ ಅದೇ ಕೆಂಪು ಕೊಡೆ, ಮುರಿದು ಕಾರಿನ ಡಿಕ್ಕಿಯಲ್ಲಿ.

ಸುದ್ದಿಯಲ್ಲಿ ವೈರಲ್ ವಿಡಿಯೋ ಹಾಗೇ ಹಾಕಬೇಕೋ ಬೇಡವೋ ಅಂತ ಸಣ್ಣ ಜಗಳ ಆಯಿತು. ಹಾಕಿದರೆ ನಮ್ಮ ಪುಟದಿಂದಲೇ ಸ್ಕ್ರೀನ್‌ಶಾಟ್ ತೆಗೆದು ಮತ್ತೆ ಹರಡುತ್ತಾರೆ ಅಂತ ನನ್ನ ವಾದ. ಕೊನೆಗೆ ಒಂದು ಚಿತ್ರ ಮಾತ್ರ, ಅದರ ಮೇಲೆ ಅಡ್ಡಲಾಗಿ 'ಜುಲೈನ ವಿಡಿಯೋ' ಅಂತ ಬರೆದು ಹಾಕಿದೆವು. ಪಕ್ಕದಲ್ಲಿ ಕತ್ತರಿಸದ ಅಗಲ ಚಿತ್ರ. ತಲೆಬರಹ 'ಕೆಆರ್‌ಎಸ್ ಗೇಟ್‌ಗಳು ಸುರಕ್ಷಿತ'. ಮುಖ್ಯಸ್ಥರು ಮೊದಲು 'ಕೆಆರ್‌ಎಸ್ ಗೇಟ್ ಮುರಿದಿದೆಯೇ?' ಅಂತ ಬರೆದಿದ್ದರು. ಅರ್ಧ ಜನ ತಲೆಬರಹ ಮಾತ್ರ ಓದುತ್ತಾರೆ ಸಾರ್ ಅಂದೆ, ಬದಲಾಯಿಸಿದರು.

ರಾತ್ರಿ ಒಂಬತ್ತಕ್ಕೆ ಮತ್ತೆ ಚಿಕ್ಕಮ್ಮ. "ಇದಾದ್ರೂ ನಿಜವಾ ನೋಡು" ಅಂತ ಒಂದು ವಿಡಿಯೋ. ಅದೇ ಸೈರನ್, ಅದೇ ಕೊಡೆ. ಕೆಂಪು ಪಟ್ಟಿಯಲ್ಲಿ ಈಗ 'ತುಂಗಭದ್ರಾ 19ನೇ ಗೇಟ್, ಎಕ್ಸ್‌ಕ್ಲೂಸಿವ್' ಅಂತಿದೆ.